4ನೇ ತಾರೀಖು ಒಂದು, 19ಕ್ಕೆ ಇನ್ನೊಂದು

ಡಿಸೆಂಬರ್ ಕೊನೆಯಲ್ಲಿ ಒಂದು ಸಂಜೆ ಕಾರ್ಡ್ ಸ್ಟೇಟ್‌ಮೆಂಟ್ ನೋಡ್ತಾ ಕೂತಿದ್ದೆ. ಬೇರೆ ಯಾವುದೋ ಚಾರ್ಜ್ ಹುಡುಕುತ್ತಿದ್ದೆ. ಅದರ ಮಧ್ಯೆ 130ರ ಒಂದು ಸಾಲು ಕಣ್ಣಿಗೆ ಬಿತ್ತು. ಫೋಟೋ ಇಟ್ಟುಕೊಳ್ಳೋಕೆ ತೆಗೆದುಕೊಂಡ ಆನ್‌ಲೈನ್ ಜಾಗದ ತಿಂಗಳ ದುಡ್ಡು ಅದು. ಗೊತ್ತಿದ್ದದ್ದೇ. ಹದಿನೈದು ಸಾಲು ಕೆಳಗೆ ಬಂದರೆ ಮತ್ತೆ 130. ಅದೇ ಹೆಸರು, ಅದೇ ಮೊತ್ತ. ಮೇಲಿನದು 4ನೇ ತಾರೀಖು, ಕೆಳಗಿನದು 19.

ಇದು ಹೆಂಡತಿಯದಿರಬೇಕು ಅಂದುಕೊಂಡೆ. ಕೇಳಿದೆ. "ನಂದಲ್ಲಪ್ಪ. ನಾನು ಯಾವತ್ತು ದುಡ್ಡು ಕೊಟ್ಟು ಜಾಗ ತಗೊಂಡಿದ್ದೀನಿ? ಎರಡೂ ನಿಂದೇ ಇರತ್ತೆ, ನೋಡು" ಅಂದಳು. ನೋಡಿದೆ. ಎರಡೂ ನನ್ನವೇ.

ಒಂದು ಈಗ ಬಳಸೋ ಇಮೇಲ್ ಖಾತೆಯದು. ಇನ್ನೊಂದು ಹಳೆಯ ಫೋನಿನಲ್ಲಿದ್ದ ಹಳೆಯ ಇಮೇಲ್ ಖಾತೆಯದು. ಫೋನ್ ಬದಲಾಯಿಸಿದಾಗ ಫೋಟೋಗಳನ್ನೆಲ್ಲ ಹೊಸ ಖಾತೆಗೆ ತಂದಿದ್ದೆ, ಅಲ್ಲಿ ಜಾಗ ಸಾಲದೆ ದುಡ್ಡು ಕಟ್ಟಿದ್ದೆ. ಹಳೆಯದನ್ನು ನಿಲ್ಲಿಸೋದು ಮರೆತಿದ್ದೆ. ಅವವೇ ಫೋಟೋಗಳು ಎರಡು ಕಡೆ ಬಾಡಿಗೆ ಕೊಟ್ಕೊಂಡು ಕೂತಿದ್ದವು.

ತಿಂಗಳು ತಿಂಗಳು ಸ್ಟೇಟ್‌ಮೆಂಟ್ ನೋಡುವವನೇ ನಾನು. ಆದರೂ ಇದು ಕಂಡಿರಲಿಲ್ಲ. ಯಾಕೆ ಅಂತ ಯೋಚಿಸಿದರೆ, ತಿಂಗಳ ಸ್ಟೇಟ್‌ಮೆಂಟ್ ನೋಡುವಾಗ ನಾವು ಗುರುತು ಸಿಗದ ಹೆಸರು ಇದೆಯಾ ಅಂತ ನೋಡ್ತೀವಿ. ಗುರುತಿರುವ ಹೆಸರು ಕಂಡರೆ ಕಣ್ಣು ಮುಂದಕ್ಕೆ ಹೋಗುತ್ತದೆ. ಎರಡು ಸಲ ಕಟ್ ಆಗುವ ಚಾರ್ಜಿಗೆ ಯಾವಾಗಲೂ ಗುರುತಿರುವ ಹೆಸರೇ ಇರುತ್ತದೆ. ಹಾಗಾಗಿ ತಿಂಗಳ ಹಾಳೆಯಲ್ಲಿ ಅದು ಸಿಗೋದು ಕಷ್ಟ. ವರ್ಷದ್ದೆಲ್ಲ ಒಂದು ಕಡೆ ಹಾಕಿ ನೋಡಬೇಕು. ಮಾರನೇ ದಿನ ಅದನ್ನೇ ಮಾಡಿದೆ.

ನನ್ನ ಹತ್ತಿರ ಎರಡು ಕಾರ್ಡ್ ಇವೆ. ಎರಡರ ವ್ಯವಹಾರವನ್ನೂ ಕಂಪ್ಯೂಟರಿನಲ್ಲಿ ಒಂದೇ ಸ್ಪ್ರೆಡ್‌ಶೀಟ್ ಹಾಳೆಗೆ ಹಾಕಿದೆ, ಯಾವ ಕಾರ್ಡ್ ಅನ್ನೋದಕ್ಕೆ ಒಂದು ಕಾಲಂ ಇಟ್ಟೆ. ಇದು ಮುಖ್ಯ. ಒಂದೇ ಸೇವೆ ಒಂದೊಂದು ಕಾರ್ಡಿನಲ್ಲಿ ಒಂದೊಂದು ಸಲ ಕಟ್ ಆಗ್ತಿದ್ದರೆ, ಬೇರೆ ಬೇರೆ ನೋಡಿದಾಗ ಎರಡೂ ಸರಿಯಾಗೇ ಕಾಣುತ್ತವೆ. ಹನ್ನೆರಡು ತಿಂಗಳ ಬದಲು ಹದಿನಾಲ್ಕು ತಿಂಗಳಿನದು ತೆಗೆದೆ. ವರ್ಷಕ್ಕೊಮ್ಮೆ ಬರುವ ಚಾರ್ಜ್ ಎರಡು ಮೂರು ದಿನ ಹಿಂದೆಮುಂದೆ ಆದರೆ ಹನ್ನೆರಡು ತಿಂಗಳ ಅಂಚಿನಿಂದ ಆಚೆ ಜಾರಿಬಿಡಬಹುದು. ಹುಡುಕೋದು ಹದಿನಾಲ್ಕರಲ್ಲಿ, ಕೂಡಿಸೋದು ಜನವರಿಯಿಂದ ಡಿಸೆಂಬರ್‌ವರೆಗಿನ ಹನ್ನೆರಡರಲ್ಲಿ ಮಾತ್ರ.

ಬ್ಯಾಂಕಿನ ವೆಬ್‌ಸೈಟಿನಲ್ಲಿ ಸಿಎಸ್‌ವಿ, ಅಂದರೆ ಸ್ಪ್ರೆಡ್‌ಶೀಟಿನಲ್ಲಿ ನೇರವಾಗಿ ತೆರೆಯೋ ಫೈಲ್, ಸಿಕ್ಕರೆ ಅದನ್ನೇ ತಗೊಳ್ಳಿ. ನನ್ನ ಒಂದು ಕಾರ್ಡಿಗೆ ಸಿಕ್ಕಿತು, ಇನ್ನೊಂದಕ್ಕೆ ಬರೀ ಪಿಡಿಎಫ್. ಪಿಡಿಎಫ್‌ನಿಂದ ಕಾಪಿ ಮಾಡಿ ಹಾಕಿದಾಗ ಎರಡು ತೊಂದರೆ ಆಯಿತು. ತಾರೀಖುಗಳು ತಾರೀಖಾಗಿ ಬರದೆ ಬರೀ ಅಕ್ಷರಗಳಾಗಿ ಕೂತವು. ವಾಪಸ್ ಬಂದ ದುಡ್ಡಿನ ಮುಂದೆ ಇರುವ `CR` ಗುರುತು ಬೇರೆ ಕಾಲಂಗೆ ಹೋಗಿ, ರೀಫಂಡ್‌ಗಳೆಲ್ಲ ಖರ್ಚಿನ ಹಾಗೆ ಕಂಡವು. ಅದಕ್ಕೇ ಮುಂದಕ್ಕೆ ಹೋಗುವ ಮೊದಲು ತಾಳೆ ನೋಡಿಕೊಂಡೆ. ಸ್ಟೇಟ್‌ಮೆಂಟಿನಲ್ಲಿ ಆ ಅವಧಿಯ ಒಟ್ಟು ಖರೀದಿ ಎಷ್ಟು ಅಂತ ಇರುತ್ತಲ್ಲ, ಹಾಳೆಯಲ್ಲಿ ಅದೇ ಅವಧಿಯ ಮೊತ್ತ ಅಷ್ಟೇ ಬರಬೇಕು. ಮೊದಲ ಸಲ ಮೂರು ತಿಂಗಳು ತಾಳೆ ಆಗಲಿಲ್ಲ. ಮೂರರಲ್ಲೂ ರೀಫಂಡೇ ಕಾರಣ. ಈ ಅರ್ಧ ಗಂಟೆ ಬೇಜಾರಿನದು, ಆದರೆ ಇದನ್ನು ಬಿಟ್ಟರೆ ಕೊನೆಗೆ ಬರುವ ಮೊತ್ತವನ್ನು ನಾವೇ ನಂಬೋಕಾಗಲ್ಲ.

ಒಟ್ಟು 1,046 ಸಾಲು ಆಯಿತು.

ಇನ್ನು ಹೆಸರುಗಳ ಗಲಾಟೆ. ಸ್ಟೇಟ್‌ಮೆಂಟಿನಲ್ಲಿ ವ್ಯಾಪಾರಿಯ ಹೆಸರಿಗೆ ಸಿಗುವ ಜಾಗ ಸುಮಾರು 22ರಿಂದ 25 ಅಕ್ಷರ. ಅದರೊಳಗೆ ಕಂಪನಿಯ ಹೆಸರು, ಕೆಲವು ಸಲ ಬಿಲ್ ನಂಬರು, ಕೆಲವು ಸಲ ಫೋನ್ ನಂಬರು, ಎಲ್ಲ ತುರುಕಿರುತ್ತಾರೆ. ಬಿಲ್ ನಂಬರು ತಿಂಗಳು ತಿಂಗಳು ಬದಲಾಗುತ್ತದೆ. ಆಗ ಒಂದೇ ಕಂಪನಿಯ ಹನ್ನೆರಡು ಚಾರ್ಜುಗಳು ಹನ್ನೆರಡು ಬೇರೆ ಹೆಸರುಗಳಾಗಿ ಕೂರುತ್ತವೆ. ಆಪ್‌ನಲ್ಲಿರುವ ಹೆಸರೇ ಬೇರೆ, ಅದನ್ನು ನಡೆಸುವ ಕಂಪನಿಯ ಹೆಸರೇ ಬೇರೆ ಇರೋದೂ ಉಂಟು. ನಾನು ಮಾಡಿದ್ದು ಇಷ್ಟು: ಹೆಸರಿನ ಮೊದಲ 12 ಅಕ್ಷರ ಮಾತ್ರ ಒಂದು ಹೊಸ ಕಾಲಂಗೆ, ತಿಂಗಳು ಇನ್ನೊಂದಕ್ಕೆ. ತಾರೀಖು A ಕಾಲಂನಲ್ಲಿ, ಬರೀ ಅಕ್ಷರವಾಗಿ ಅಲ್ಲ, ನಿಜವಾದ ತಾರೀಖಾಗೇ ಇದೆ, ಹೆಸರು Bಯಲ್ಲಿದೆ ಅಂದುಕೊಳ್ಳಿ.

```
=UPPER(LEFT(TRIM(B2),12))
=TEXT(A2,"yyyy-mm")
```

ಆಮೇಲೆ ಪಿವಟ್ ಟೇಬಲ್, ಅಂದರೆ ಸಾಲುಗಳನ್ನು ಗುಂಪು ಮಾಡಿ ಎಣಿಸಿಕೊಡೋ ಪಟ್ಟಿ. ಎಡಗಡೆ ಉದ್ದಕ್ಕೆ ಹೆಸರುಗಳು, ಮೇಲೆ ಅಡ್ಡಕ್ಕೆ ತಿಂಗಳುಗಳು. ಮನೆಗಳಲ್ಲಿ ಮೊತ್ತ ಬೇಡ, ಎಷ್ಟು ಸಲ ಅನ್ನೋ ಎಣಿಕೆ ಸಾಕು.

ಇಲ್ಲಿ ಕೂತು ನೋಡೋದೇ ಒಂದು ಮಜಾ. ಅಂಗಡಿ ಖರ್ಚಿನ ಸಾಲುಗಳು 3, ಖಾಲಿ, 5, 1, ಖಾಲಿ, ಹೀಗೆ ಎದ್ದೂ ಬಿದ್ದೂ ಹೋಗುತ್ತವೆ. ಅವುಗಳ ಮಧ್ಯೆ 1, 1, 1, 1 ಅಂತ ಬೇಲಿ ಗೂಟ ನೆಟ್ಟ ಹಾಗೆ ಒಂದು ಸಾಲು ಬರುತ್ತದೆ. ಅದು ಸಬ್‌ಸ್ಕ್ರಿಪ್ಷನ್. ನನ್ನ ಫೋಟೋ ಜಾಗದ ಸಾಲು 2, 2, 2, 2 ಅಂತ ಹನ್ನೆರಡೂ ತಿಂಗಳು ನಿಂತಿತ್ತು. ಅಷ್ಟು ದೊಡ್ಡದಾಗಿ ಬರೆದಿಟ್ಟಿದ್ದು ಅಷ್ಟು ದಿನ ಕಾಣಲಿಲ್ಲವಲ್ಲ ಅನಿಸಿತು.

ಈ ಹನ್ನೆರಡು ಅಕ್ಷರದ ಉಪಾಯ ಒಂದು ಕಡೆ ಕೈ ಕೊಡುತ್ತದೆ. ಆಪ್ ಸ್ಟೋರ್ ಮೂಲಕ ಅಥವಾ ಪಾವತಿ ಮಧ್ಯವರ್ತಿಗಳ ಮೂಲಕ ಹೋದ ದುಡ್ಡು `APPLE.COM/BILL`, `GOOGLE *`, `PAYPAL *` ಅಂತ ಬರುತ್ತದೆ. ಐದು ಬೇರೆ ಬೇರೆ ಆಪ್‌ಗಳು ಒಂದೇ ಹೆಸರಿನ ಕೆಳಗೆ ಗುಂಪಾಗಿಬಿಡಬಹುದು. ಕೆಲವು ಸಲ ಎರಡು ಆಪ್‌ಗಳ ದುಡ್ಡು ಸೇರಿ ಒಂದೇ ಚಾರ್ಜ್ ಆಗಿ ಬರೋದೂ ಇದೆ. ಇಂಥವಕ್ಕೆ ಸ್ಟೇಟ್‌ಮೆಂಟನ್ನು ನಂಬಿ ಕೂರಬಾರದು. ಸ್ಟೋರ್‌ನೊಳಗೆ ಸಬ್‌ಸ್ಕ್ರಿಪ್ಷನ್ ಪುಟ ತೆರೆದು ಅಲ್ಲಿರುವ ಪಟ್ಟಿಯನ್ನೇ ಇಳಿಸಿಕೊಳ್ಳಬೇಕು. ಎಷ್ಟು ಖಾತೆಗಳಿವೆಯೋ ಅಷ್ಟು ಸಲ, ಯಾಕೆಂದರೆ ಒಂದು ಖಾತೆಯಲ್ಲಿ ಲಾಗಿನ್ ಆಗಿದ್ದರೆ ಇನ್ನೊಂದರ ಪಟ್ಟಿ ಕಾಣಲ್ಲ. ನನ್ನ 19ನೇ ತಾರೀಖಿನ 130 ಅಡಗಿದ್ದದ್ದು ಸರಿಯಾಗಿ ಅಲ್ಲೇ.

ಎರಡನೇ ಜೋಡಿ ಹಾಡಿನ ಸೇವೆ. ಏಪ್ರಿಲ್‌ನಲ್ಲಿ ನಾವಿಬ್ಬರೂ ಸೇರಿ ಫ್ಯಾಮಿಲಿ ಪ್ಲಾನ್ ತಗೊಂಡೆವು, ಹೆಂಡತಿಯ ಕಾರ್ಡಿನಲ್ಲಿ. ಫ್ಯಾಮಿಲಿಗೆ ಸೇರಿದ ತಕ್ಷಣ ನನ್ನ ಒಂಟಿ ಪ್ಲಾನ್ ತಾನಾಗೇ ನಿಲ್ಲುತ್ತದೆ ಅಂತ ನಾನು ಅಂದುಕೊಂಡಿದ್ದೆ. ಒಂದೇ ಖಾತೆಗೆ, ಒಂದೇ ದಾರಿಯಲ್ಲಿ ದುಡ್ಡು ಕಟ್ಟುತ್ತಿದ್ದರೆ ಎಷ್ಟೋ ಕಡೆ ಹಾಗೇ ಆಗುತ್ತದೆ. ಆದರೆ ನನ್ನ ಒಂಟಿ ಪ್ಲಾನ್ ಫೋನಿನ ಸ್ಟೋರ್ ಮೂಲಕ ಹೋಗುತ್ತಿತ್ತು, ಫ್ಯಾಮಿಲಿ ಪ್ಲಾನ್ ಕಂಪನಿಯ ವೆಬ್‌ಸೈಟಿನಲ್ಲಿ ನೇರವಾಗಿ ತಗೊಂಡಿದ್ದು. ಸ್ಟೋರ್ ಬಾಗಿಲಿನಿಂದ ಒಳಗೆ ಹೋದದ್ದನ್ನು ಸ್ಟೋರ್ ಬಾಗಿಲಿನಲ್ಲೇ ನಿಲ್ಲಿಸಬೇಕು. ತಿಂಗಳಿಗೆ 119. ಏಪ್ರಿಲ್‌ನಿಂದ ಡಿಸೆಂಬರ್, ಒಂಬತ್ತು ಸಲ.

ಇದು ಪಿವಟ್‌ನಲ್ಲಿ 2 ಅಂತ ಕಾಣಲಿಲ್ಲ. ಒಂದರ ಹೆಸರು ಸ್ಟೋರಿನದು, ಇನ್ನೊಂದು ಹೆಂಡತಿಯ ಕಾರ್ಡಿನಲ್ಲಿ. ಅವಳ ಸ್ಟೇಟ್‌ಮೆಂಟ್ ಪಕ್ಕಕ್ಕಿಟ್ಟು, "ಇದು ಏನು ಕೆಲಸ ಮಾಡುತ್ತದೆ" ಅಂತ ಪ್ರತಿ ಸಬ್‌ಸ್ಕ್ರಿಪ್ಷನ್ ಮುಂದೆ ಒಂದು ಪದ ಬರೆದಾಗಲೇ ಸಿಕ್ಕಿದ್ದು. ಹಾಡು, ಹಾಡು. ಕಂಪ್ಯೂಟರ್ ಅಕ್ಷರಗಳನ್ನು ಹೋಲಿಸುತ್ತದೆ, ಕೆಲಸವನ್ನು ಹೋಲಿಸಲ್ಲ. ಆ ಕಾಲಂ ಕೈಯಲ್ಲೇ ತುಂಬಬೇಕು.

ಇನ್ನೊಂದು ಸಾಲು ನನ್ನನ್ನು ಸ್ವಲ್ಪ ಹೊತ್ತು ದಾರಿ ತಪ್ಪಿಸಿತು. ವ್ಯಾಯಾಮದ ಆಪ್, 85. ಜನವರಿಯಲ್ಲಿ 2, ಉಳಿದ ಎಲ್ಲ ತಿಂಗಳು 1. ಜನವರಿಯಲ್ಲಿ ತಪ್ಪಿ ಎರಡು ಸಲ ಕಟ್ ಮಾಡಿದ್ದಾರೆ ಅಂತ ಸಿಟ್ಟಿನಲ್ಲಿ ದೂರು ಬರೆಯೋಕೆ ಶುರು ಮಾಡಿದ್ದೆ. ಆಮೇಲೆ ತಾರೀಖುಗಳನ್ನು ನೋಡಿದೆ: ಜನವರಿ 3, ಜನವರಿ 31, ಫೆಬ್ರವರಿ 28, ಮಾರ್ಚ್ 28, ಏಪ್ರಿಲ್ 25. ಪ್ರತಿ ಸಲ ಸರಿಯಾಗಿ 28 ದಿನ. ಇದು ತಿಂಗಳ ಪ್ಲಾನ್ ಅಲ್ಲ, ನಾಲ್ಕು ವಾರದ ಪ್ಲಾನ್. ನಾಲ್ಕು ವಾರ ಅಂದರೆ ತಿಂಗಳು ಅಂತಲೇ ಓದಿಕೊಂಡಿದ್ದೆ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಕಂತು. ದೂರು ಅಳಿಸಿದೆ.

ಹಾಗಾಗಿ ಎರಡು ಚಾರ್ಜುಗಳ ನಡುವಿನ ದಿನಗಳನ್ನು ಎಣಿಸೋ ಒಂದು ಕಾಲಂ ಇಟ್ಟುಕೊಳ್ಳೋದು ಒಳ್ಳೇದು. ಯಾವಾಗಲೂ 28 ಬಂದರೆ ನಾಲ್ಕು ವಾರದ್ದು. 28ರಿಂದ 31ರ ನಡುವೆ ಓಡಾಡುತ್ತಿದ್ದರೆ ತಿಂಗಳದ್ದು. 90ರ ಆಸುಪಾಸು ಬಂದರೆ ಮೂರು ತಿಂಗಳದ್ದು. ರಜಾದಿನ ಬಂದರೆ ಒಂದೆರಡು ದಿನ ಆಚೀಚೆ ಆಗುತ್ತದೆ, ಅಷ್ಟು ಬಿಟ್ಟುಕೊಡಬೇಕು. ಒಂದೇ ತಿಂಗಳಲ್ಲಿ ಎರಡು ಸಲ ಬಂದಿದ್ದು, ದಿನಗಳು 15, 16, 15, 15 ಅಂತ ಸರದಿಯಲ್ಲಿ ಹೋದರೆ ಅದು ನನ್ನ ಫೋಟೋ ಜಾಗದಂಥ ನಿಜವಾದ ಜೋಡಿ.

ಎಲ್ಲಕ್ಕಿಂತ ಜಾಸ್ತಿ ದುಡ್ಡು ತಿಂದಿದ್ದು ಮಾತ್ರ ಈ ಲೆಕ್ಕಕ್ಕೆ ಸುಲಭವಾಗಿ ಸಿಗಲಿಲ್ಲ. ಮಾರ್ಚ್‌ನಲ್ಲಿ ಒಂದು ಕೆಲಸಕ್ಕೆ ಅಂತ ಡಿಸೈನ್ ಮಾಡುವ ಒಂದು ಆನ್‌ಲೈನ್ ಸಾಧನ ತಗೊಂಡಿದ್ದೆ. ಒಂದು ತಿಂಗಳು ಬಳಸಿದೆ, ಕೆಲಸ ಮುಗಿಯಿತು, ಮರೆತೆ. ಅದರ ಬೆಲೆ ಬೇರೆ ದೇಶದ ಕರೆನ್ಸಿಯಲ್ಲಿದೆ. ಹಾಗಾಗಿ ಒಂದು ತಿಂಗಳು 607, ಇನ್ನೊಂದು ತಿಂಗಳು 619, ಹೀಗೆ ವಿನಿಮಯ ದರದ ಜೊತೆ ಮೊತ್ತ ಬದಲಾಗುತ್ತಲೇ ಇತ್ತು. ಒಂದೇ ಮೊತ್ತ ಮತ್ತೆ ಮತ್ತೆ ಬಂದಿದೆಯಾ ಅಂತ ಮಾತ್ರ ಹುಡುಕಿದರೆ ಇದು ಬಲೆಯಿಂದ ತಪ್ಪಿಸಿಕೊಳ್ಳುತ್ತದೆ. ಅದರ ಹಿಂದೆಯೇ ಒಂದೆರಡು ದಿನ ಬಿಟ್ಟು ಇನ್ನೊಂದು ಸಣ್ಣ ಸಾಲು: ವಿದೇಶಿ ಕರೆನ್ಸಿಗೆ ಬ್ಯಾಂಕ್ ಹಾಕುವ ಶುಲ್ಕ, ನನ್ನ ಕಾರ್ಡಿನಲ್ಲಿ ಶೇಕಡ 3.5. ಅದು ಬ್ಯಾಂಕಿನ ಹೆಸರಿನಲ್ಲಿ ಬರುತ್ತದೆ, ಹಾಗಾಗಿ ಸಬ್‌ಸ್ಕ್ರಿಪ್ಷನ್ ಲೆಕ್ಕಕ್ಕೆ ಯಾರೂ ಸೇರಿಸಲ್ಲ. ಸೇರಿಸಬೇಕು. ಆ ಸಾಧನ ಇಲ್ಲದಿದ್ದರೆ ಆ ಶುಲ್ಕವೂ ಇರ್ತಿರಲಿಲ್ಲ ಅಲ್ವಾ?

ಕೊನೆಯದು ಪಿವಟ್‌ಗೆ ಸಿಗೋದೇ ಇಲ್ಲ. ವರ್ಷಕ್ಕೊಮ್ಮೆ ಕಟ್ ಆಗುವುದು ಒಂದು ವರ್ಷದ ಹಾಳೆಯಲ್ಲಿ ಒಂದೇ ಸಲ ಇರುತ್ತದೆ. ಒಂದೇ ಸಲ ಬಂದದ್ದರಲ್ಲಿ ಪುನರಾವರ್ತನೆ ಎಲ್ಲಿಂದ ಹುಡುಕೋದು? ಇಲ್ಲಿ ಸ್ಟೇಟ್‌ಮೆಂಟ್ ಬಿಟ್ಟು ಇಮೇಲ್‌ಗೆ ಹೋಗಬೇಕು. `renewal`, `auto-renew`, `your subscription`, `receipt` ಅಂತ ಒಂದೊಂದಾಗಿ ಹುಡುಕಿದೆ, ಹಳೆಯ ಇಮೇಲ್ ಖಾತೆಯಲ್ಲೂ. ಆಗಸ್ಟ್‌ನಲ್ಲಿ ಒಂದು ಆಂಟಿವೈರಸ್ 1,899ಕ್ಕೆ ನವೀಕರಣ ಆಗಿದೆ ಅಂತ ಸಿಕ್ಕಿತು. ಅದು ಕಾವಲು ಕಾಯಬೇಕಾದ ಲ್ಯಾಪ್‌ಟಾಪನ್ನು ನಾನು ಮಾರಿ ಎರಡು ವರ್ಷ ಆಗಿತ್ತು.

ಇದರಲ್ಲಿ ನನಗೆ ವಿಚಿತ್ರ ಅನಿಸಿದ್ದು ಬೇರೆ. ಆಂಟಿವೈರಸ್‌ಗೆ ನಾನು ಕೊಟ್ಟಿದ್ದ ಕಾರ್ಡಿನ ಅವಧಿ ಮುಗಿದು ಹೊಸ ಕಾರ್ಡ್ ಬಂದಿತ್ತು. ಹೊಸ ನಂಬರನ್ನು ನಾನು ಅವರಿಗೆ ಕೊಟ್ಟೇ ಇಲ್ಲ. ಮತ್ತೆ ದುಡ್ಡು ಹೇಗೆ ಹೋಯಿತು? ಇದಕ್ಕೆ ಒಂದು ವ್ಯವಸ್ಥೆಯೇ ಇದೆ. ವೀಸಾದಲ್ಲಿ ಅದರ ಹೆಸರು ಅಕೌಂಟ್ ಅಪ್‌ಡೇಟರ್, ಮಾಸ್ಟರ್‌ಕಾರ್ಡ್‌ನಲ್ಲಿ ಆಟೋಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್. ಕಾರ್ಡ್ ಬದಲಾದಾಗ ಬ್ಯಾಂಕ್ ಹೊಸ ನಂಬರು, ಹೊಸ ಅವಧಿಯನ್ನು ನೆಟ್‌ವರ್ಕ್‌ಗೆ ತಿಳಿಸುತ್ತದೆ. ಹಳೆಯ ನಂಬರು ಇಟ್ಟುಕೊಂಡಿರುವ ವ್ಯಾಪಾರಿ ಅಲ್ಲಿಂದ ಹೊಸದನ್ನು ಪಡೆಯುತ್ತಾನೆ. ಎಲ್ಲ ಬ್ಯಾಂಕ್, ಎಲ್ಲ ವ್ಯಾಪಾರಿಗಳೂ ಇದರಲ್ಲಿ ಇರಲ್ಲ, ಹಾಗಾಗಿ ಕೆಲವು ಚಾರ್ಜುಗಳು ನಿಲ್ಲುತ್ತವೆ, ಕೆಲವು ನಿಲ್ಲಲ್ಲ. ನಿಜವಾಗಿ ಬೇಕಾದ ಸೇವೆ ನಡುವೆ ಕಡಿದುಹೋಗದಿರಲಿ ಅಂತ ಮಾಡಿದ್ದು. ಬೇಡವಾದದ್ದಕ್ಕೂ ಅದೇ ಸೌಕರ್ಯ ಸಿಗುತ್ತದೆ. "ಕಾರ್ಡ್ ಮುಗಿದರೆ ತಾನಾಗೇ ನಿಲ್ಲತ್ತೆ ಬಿಡು" ಅಂತ ನಾನೇ ಎಷ್ಟು ಜನಕ್ಕೆ ಹೇಳಿದ್ದೆನೋ.

ಇನ್ನು ಕೂಡಿಸೋದು. ಇಲ್ಲಿ ದಂಡ ಅಂದರೆ ಯಾವುದು ಅಂತ ಮೊದಲೇ ತೀರ್ಮಾನ ಮಾಡ್ಕೋಬೇಕು, ಇಲ್ಲದಿದ್ದರೆ ಮೊತ್ತ ನಮ್ಮ ಮೂಡ್ ನೋಡಿಕೊಂಡು ಏರಿಳಿಯುತ್ತದೆ. ನಾನು ಇಟ್ಟುಕೊಂಡ ಅಳತೆ ಕಟ್ಟುನಿಟ್ಟಿನದು. ಕಡಿಮೆ ಬಳಸಿದ್ದು ದಂಡ ಅಲ್ಲ. ಒಂದು ಪತ್ರಿಕೆಯ ಚಂದಾ ಜುಲೈನಲ್ಲಿ ಆರಂಭದ ರಿಯಾಯಿತಿ ಮುಗಿದು 49ರಿಂದ 249ಕ್ಕೆ ಹಾರಿತ್ತು. ಹೊಟ್ಟೆ ಉರಿಯಿತು, ಆದರೆ ಓದುತ್ತಿದ್ದೇನೆ, ಹಾಗಾಗಿ ಬಿಟ್ಟೆ. ಕೊನೆಯ ಸಲ ಬಳಸಿದ ಮೇಲೆ ಕಟ್ ಆದದ್ದು, ಮತ್ತು ಒಂದೇ ಕೆಲಸಕ್ಕೆ ಎರಡನೇ ಸಲ ಕಟ್ ಆದದ್ದು, ಇವೆರಡೇ ದಂಡ.

ಫೋಟೋ ಜಾಗ: 130, ಹನ್ನೆರಡು ಸಲ, 1,560. ಹಾಡು: 119, ಒಂಬತ್ತು ಸಲ, 1,071. ಆಂಟಿವೈರಸ್ ಪೂರ್ತಿ 1,899. ವ್ಯಾಯಾಮದ ಆಪ್ ಕೊನೆಯ ಸಲ ತೆರೆದದ್ದು ಏಪ್ರಿಲ್ ಮೊದಲ ವಾರ. ಅದಾದ ಮೇಲೆ ಒಂಬತ್ತು ಕಂತು, 765. ಡಿಸೈನ್ ಸಾಧನ ಬಳಸದೇ ಹೋದ ಒಂಬತ್ತು ತಿಂಗಳ ನಿಜವಾದ ಮೊತ್ತಗಳನ್ನು ಕೂಡಿದರೆ 5,526, ಅದರ ಮೇಲಿನ ಶುಲ್ಕ 193. ಒಟ್ಟು 11,014.

ಶುರು ಮಾಡುವಾಗ ಹೆಚ್ಚೆಂದರೆ 2,000 ಇರಬಹುದು ಅಂದುಕೊಂಡಿದ್ದೆ.

ಒಂದು ಮಾತು. 11,014 ಅನ್ನೋದು ಹೋದ ದುಡ್ಡು. ಏನೂ ಮಾಡದೆ ಬಿಟ್ಟಿದ್ದರೆ ಬರುವ ವರ್ಷ ಹೋಗ್ತಿದ್ದದ್ದು ಬೇರೆ ಮೊತ್ತ, ಅದನ್ನು ಬೇರೆಯಾಗೇ ಲೆಕ್ಕ ಹಾಕಬೇಕು. ಹಾಡಿಗೆ ಒಂಬತ್ತಲ್ಲ, ಹನ್ನೆರಡು ತಿಂಗಳು. ವ್ಯಾಯಾಮಕ್ಕೆ ಹದಿಮೂರು ಕಂತು. ಡಿಸೈನ್ ಸಾಧನಕ್ಕೆ ಸರಾಸರಿ 614ರಂತೆ ಹನ್ನೆರಡು ತಿಂಗಳು, ಜೊತೆಗೆ ಶುಲ್ಕ. ಎಲ್ಲ ಸೇರಿ 13,618. ಮೊದಲನೆಯದಕ್ಕೆ ಬೇಜಾರು ಮಾಡ್ಕೊಂಡು ಸುಮ್ನಿರಬೇಕು ಅಷ್ಟೇ. ಕೈಯಲ್ಲಿ ಇರೋದು ಎರಡನೆಯದು.

ಸುಮ್ನಿರಬೇಕು ಅಂದೆ, ಆದರೂ ಎರಡು ಕಡೆ ಕೇಳಿ ನೋಡಿದೆ. ಡಿಸೈನ್ ಸಾಧನದವರಿಗೆ, ಮಾರ್ಚ್ ಆದಮೇಲೆ ಲಾಗಿನ್ ಆಗಿಲ್ಲ, ನಿಮ್ಮ ಕಡೆಯೇ ನೋಡಬಹುದು ಅಂತ ನಾಲ್ಕು ಸಾಲು ಬರೆದೆ. ಕೊನೆಯ ತಿಂಗಳ 611 ವಾಪಸ್ ಕೊಟ್ಟರು. ಅದನ್ನು ಕಳೆದು 10,403 ಅಂತ ತಿದ್ದಿದೆ. ಆಂಟಿವೈರಸ್‌ನವರು ನವೀಕರಣ ಆಗಿ ನಾಲ್ಕು ತಿಂಗಳು ದಾಟಿದೆ, ಆಗಲ್ಲ ಅಂದರು. ಬ್ಯಾಂಕಿಗೆ ದೂರು ಕೊಟ್ಟು ದುಡ್ಡು ವಾಪಸ್ ಎಳೆಸೋಣ ಅಂತ ಹೆಂಡತಿ ಹೇಳಿದಳು. ಬೇಡ ಅಂದೆ. ಆ ದಾರಿ ಇರೋದು ನಾವು ಒಪ್ಪದ ಚಾರ್ಜಿಗೆ, ನಿಲ್ಲಿಸಿದ ಮೇಲೂ ಕಟ್ ಮಾಡಿದ್ದಕ್ಕೆ. ಒಪ್ಪಿ ಮರೆತದ್ದಕ್ಕೆ ಅಲ್ಲ.

ನಿಲ್ಲಿಸೋದರಲ್ಲಿ ಫೋಟೋ ಜಾಗವೇ ನಿಧಾನದ ಕೆಲಸ ಆಯಿತು. ಹಳೆಯ ಖಾತೆಯಲ್ಲಿ ಇರುವ ಎಲ್ಲವೂ ಹೊಸದರಲ್ಲಿ ಇದೆಯಾ ಅಂತ ನೋಡದೆ ನಿಲ್ಲಿಸೋ ಹಾಗಿಲ್ಲ. ಪುಕ್ಕಟೆ ಜಾಗ ಮೀರಿ ತುಂಬಿರುವ ಖಾತೆಗೆ ದುಡ್ಡು ನಿಂತರೆ ಹೊಸದು ಏನೂ ಸೇರಲ್ಲ, ತುಂಬಾ ದಿನ ಹಾಗೇ ಬಿಟ್ಟರೆ ಇರೋದನ್ನೇ ಅಳಿಸಬಹುದು. ಪೂರ್ತಿ ಒಂದು ಭಾನುವಾರ ಅದಕ್ಕೇ ಹೋಯಿತು. ನೂರಾರು ಫೋಟೋ ಹಳೆಯದರಲ್ಲಿ ಮಾತ್ರ ಇದ್ದವು. ಅದಕ್ಕೆ ಕಟ್ಟಿದ 1,560 ಪೂರ್ತಿ ದಂಡ ಅಲ್ಲ ಅಂತ ಹೆಂಡತಿ ವಾದ ಮಾಡಿದಳು. ಹಾಳೆಯಲ್ಲಿ ನಾನು ತಿದ್ದಲಿಲ್ಲ.

ಉಳಿದ ನಾಲ್ಕು ಒಂದೇ ಸಂಜೆಯಲ್ಲಿ ಮುಗಿದವು. ಮೂರರಿಂದ "ನಿಮ್ಮ ಸಬ್‌ಸ್ಕ್ರಿಪ್ಷನ್ ರದ್ದಾಗಿದೆ" ಅಂತ ಇಮೇಲ್ ಬಂತು. ವ್ಯಾಯಾಮದ ಆಪ್‌ನಿಂದ ಬರಲಿಲ್ಲ. ಬರುತ್ತದೆ ಬಿಡು ಅಂದುಕೊಂಡೆ.

ಜನವರಿ 2ನೇ ತಾರೀಖು ಫೋನಿಗೆ ಮೆಸೇಜ್ ಬಂತು, 85. ಡಿಸೆಂಬರ್ 5ಕ್ಕೆ ಸರಿಯಾಗಿ 28 ದಿನ. ಮತ್ತೆ ಒಳಗೆ ಹೋಗಿ ನೋಡಿದರೆ, ನಾನು ರದ್ದು ಅಂತ ಒತ್ತಿದ ಮೇಲೆ ಯಾಕೆ ಹೋಗ್ತಿದ್ದೀರಿ ಅಂತ ಒಂದು ಪುಟ, ಅರ್ಧ ಬೆಲೆಗೆ ಕೊಡ್ತೀವಿ ಅಂತ ಇನ್ನೊಂದು ಪುಟ, ಅದನ್ನೂ ದಾಟಿದರೆ ಕೆಳಗೆ ತಿಳಿ ಬೂದು ಬಣ್ಣದಲ್ಲಿ ಖಚಿತಪಡಿಸಿ ಅಂತ ಒಂದು ಬಟನ್. ಆವತ್ತು ನಾನು ಎರಡನೇ ಪುಟದಲ್ಲಿ ಬೇಡ ಅಂತ ಒತ್ತಿ ಮುಚ್ಚಿಬಿಟ್ಟಿದ್ದೆ. ಈ ಸಲ ಕೊನೆಯ ಬಟನ್ ಒತ್ತಿದೆ. ಅರ್ಧ ನಿಮಿಷದಲ್ಲಿ ಇಮೇಲ್ ಬಂತು, ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

"ಎಷ್ಟು ಹೋಯ್ತು?" ಅಂತ ಹೆಂಡತಿ ಒಳಗಿನಿಂದ ಕೇಳಿದಳು. ಹೊಸ ವರ್ಷದ ಹಾಳೆ ತೆರೆದು ಮೊದಲ ಸಾಲಿನಲ್ಲಿ 85 ಬರೆದೆ.